ಹೆಸರಿನ ಪದ, ಕೆಲಸದ ಪದ: ಎರಡನೇ ತರಗತಿಯ ವಿಂಗಡಣೆ ಹಾಳೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ ಕಡೆಯ ಒಂದು ಕನ್ನಡ ಮಾಧ್ಯಮ ಎಲ್.ಪಿ. ಶಾಲೆಯಲ್ಲಿ ಪಾಠ ಮಾಡುವವಳು ನಾನು. ನನ್ನ ಕ್ಲಾಸಿನಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ ಎಲ್ಲಾ ಮಾತಾಡುವ ಮನೆಗಳ ಮಕ್ಕಳಿದ್ದಾರೆ. ತರಗತಿಯ ಚಿತ್ರ ನೋಡಿ ಪದಗಳನ್ನು ಎರಡು ಗುಂಪು ಮಾಡುವ ಹಾಳೆಯನ್ನು ಪ್ರತಿ ವರ್ಷ ತಯಾರು ಮಾಡುತ್ತೇನೆ, ಪ್ರತಿ ವರ್ಷ ಏನಾದರೂ ಒಂದು ಎಡವಟ್ಟು ಆಗುತ್ತದೆ. ಬೇರೆ ಶಾಲೆಯ ಟೀಚರುಗಳು, ಮಕ್ಕಳ ತಾಯಂದಿರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ.

## ಸುರು ಮಾಡುವ ಮೊದಲು

ನಾಮಪದ, ಕ್ರಿಯಾಪದ ಅಂತ ಹೆಸರು ಹೇಳಿಯೇ ಕಲಿಸಬೇಕಾ ಟೀಚರೇ?

ಎರಡನೇ ತರಗತಿಯಲ್ಲಿ ಬೇಡ. ಹೆಸರಿನ ಪದ, ಕೆಲಸದ ಪದ ಅಂದರೆ ಸಾಕು. ಏಳು ವರ್ಷದ ಮಗುವಿಗೆ 'ಕ್ರಿಯಾಪದ' ಅನ್ನುವ ಮಾತೇ ಒಂದು ಓದುವ ಲೆಕ್ಕ ಆಗಿಬಿಡುತ್ತದೆ. ಕ್ರಾವತ್ತು ಎಲ್ಲಿ ಬರುತ್ತದೆ ಅಂತ ಹುಡುಕುವುದರಲ್ಲೇ ಗಮನ ಹೋಗುತ್ತದೆ.

ಆದರೆ ಒಂದು ಎಚ್ಚರಿಕೆ ಬೇಕು. 'ಕೆಲಸದ ಪದ' ಅನ್ನುವ ಹೆಸರು ಸುಲಭ, ಆದರೆ ಪೂರ್ತಿ ನಿಜ ಅಲ್ಲ. ಊಟ, ಆಟ, ಓಟ ಎಲ್ಲಾ ಮಗುವಿನ ಕಣ್ಣಿಗೆ ಕೆಲಸವೇ. ಪದ ಮಾತ್ರ ಹೆಸರಿನದ್ದು. ಈ ಗೊಂದಲ ಬಂದೇ ಬರುತ್ತದೆ, ಅದಕ್ಕೆ ಕೆಳಗೆ ಬೇರೆಯೇ ಪ್ರಶ್ನೆ ಇದೆ.

ತರಗತಿಯ ಚಿತ್ರವೇ ಯಾಕೆ? ಹಣ್ಣು, ಪ್ರಾಣಿ ಚಿತ್ರ ಆದರೆ ಮಾರ್ಕೆಟಿನಲ್ಲೇ ಸಿಗ್ತದಲ್ವಾ?

ಸಿಗುತ್ತದೆ. ಆದರೆ ಮಾವಿನಹಣ್ಣಿನ ಚಿತ್ರದಲ್ಲಿ ಕೆಲಸ ಎಲ್ಲಿದೆ? ಅಂಥ ಚಾರ್ಟಿನಲ್ಲಿ ಹೆಸರಿನ ಪದ ಮಾತ್ರ ಸಿಗುತ್ತದೆ. ಕೆಲಸದ ಪದಕ್ಕೆ ಬೇರೆ ಚಾರ್ಟು ತರಬೇಕು. ಆಗ ಮಗು ಪದ ನೋಡುವುದಿಲ್ಲ, ಚಾರ್ಟು ನೋಡುತ್ತದೆ: ಹಣ್ಣು ಇದ್ದರೆ ಈ ಕಡೆ, ಮನುಷ್ಯರು ಇದ್ದರೆ ಆ ಕಡೆ.

ತರಗತಿಯ ಚಿತ್ರದಲ್ಲಿ ಎರಡೂ ಒಟ್ಟಿಗೇ ಸಿಗುತ್ತದೆ. ಬೆಂಚು ಉಂಟು, ಬೆಂಚಿನ ಮೇಲೆ ಕುಳಿತು ಬರೆಯುವವರೂ ಉಂಟು. ಇನ್ನೊಂದು ಲಾಭ, ಚಿತ್ರ ಅರ್ಥವಾಗದಿದ್ದರೆ ನಿಜವಾದ ವಸ್ತುವನ್ನೇ ಮುಟ್ಟಿ ತೋರಿಸಬಹುದು, ನಿಜವಾದ ಕೆಲಸವನ್ನೇ ಮಾಡಿ ತೋರಿಸಬಹುದು. ನಾನು ಹಾಳೆ ಕೊಡುವ ಮೊದಲು ಹತ್ತು ನಿಮಿಷ ಇದನ್ನೇ ಮಾಡಿಸುತ್ತೇನೆ. 'ಕಿಟಕಿ' ಅಂದರೆ ಹೋಗಿ ಮುಟ್ಟಬೇಕು. 'ಕುಣಿ' ಅಂದರೆ ಕುಣಿಯಬೇಕು. ಮುಟ್ಟಲು ಆಗುವುದು, ಮಾಡಲು ಆಗುವುದು ಎಂಬ ವ್ಯತ್ಯಾಸ ಮೊದಲು ಮೈಗೆ ಗೊತ್ತಾಗಲಿ.

ಒಂದು ಹಾಳೆಯಲ್ಲಿ ಎಷ್ಟು ಪದ ಹಾಕಬೇಕು?

12. ಎಂಟಕ್ಕಿಂತ ಕಡಿಮೆ ಆದರೆ ಮಗುವಿಗೆ ನಿಜವಾಗಿ ಗೊತ್ತಾಯಿತೋ ಇಲ್ಲವೋ ತಿಳಿಯುವುದಿಲ್ಲ. ಜಾಸ್ತಿ ಆದರೆ ಕೊನೆಯ ನಾಲ್ಕು ಪದಕ್ಕೆ ಬರುವಾಗ ಮಗು ಸುಸ್ತಾಗಿ ಹೋಗಿರುತ್ತದೆ, ಎಲ್ಲಿಗಾದರೂ ಹಾಕಿಬಿಡುತ್ತದೆ.

ಪದಗಳನ್ನು ಬರೆಸಬೇಡಿ. ಪ್ರತಿ ಪದಕ್ಕೂ ಸಂಖ್ಯೆ ಕೊಟ್ಟು, ಎರಡು ಚೌಕಗಳಲ್ಲಿ ಸಂಖ್ಯೆ ಮಾತ್ರ ಬರೆಸಿ. 'ಗುಡಿಸುತ್ತಾಳೆ' ಅಂತ ಒತ್ತಕ್ಷರ, ದೀರ್ಘ ಎಲ್ಲಾ ಸರಿ ಮಾಡಿ ಬರೆಯಲು ಕೆಲವು ಮಕ್ಕಳಿಗೆ ಎರಡು ನಿಮಿಷ ಬೇಕು. ಆರು ಪದಕ್ಕೆ ಲೆಕ್ಕ ಹಾಕಿ ನೋಡಿ. ಅದು ಕಾಪಿ ಬರೆಯುವ ಪಾಠ ಆಯಿತು, ವಿಂಗಡಿಸುವ ಪಾಠ ಆಗಲಿಲ್ಲ. ಚೀಟಿ ಕತ್ತರಿಸಿ ಅಂಟಿಸುವುದೂ ಚಂದವೇ, ಆದರೆ ಫ್ಯಾನ್ ಹಾಕಿದರೆ ಅರ್ಧ ಚೀಟಿ ವರಾಂಡದಲ್ಲಿ ಹೆಕ್ಕಬೇಕಾಗುತ್ತದೆ. ನಾನು ಹೆಕ್ಕಿದ್ದೇನೆ.

## ಹಾಳೆ ತಯಾರು ಮಾಡುವಾಗ

ಹುಡುಗ ಬರೆಯುವ ಚಿತ್ರ ಕೊಟ್ಟೆ. ಮಕ್ಕಳು 'ಹುಡುಗ' ಅಂತ ಹೇಳಿ ಹೆಸರಿನ ಪದಕ್ಕೆ ಹಾಕಿದರು. ಅವರು ಹೇಳಿದ್ದು ತಪ್ಪು ಅಂತ ಹೇಳಲಿಕ್ಕೂ ಆಗುವುದಿಲ್ಲ. ಏನು ಮಾಡಲಿ?

ತಪ್ಪು ಮಕ್ಕಳದ್ದಲ್ಲ, ಚಿತ್ರದ್ದು. ಕೆಲಸವನ್ನು ಮಾತ್ರ ಚಿತ್ರ ಬರೆಯಲು ಯಾರಿಗೂ ಬರುವುದಿಲ್ಲ. ಕೆಲಸ ಮಾಡುವವರನ್ನು ಬರೆಯಲೇಬೇಕು. ಹಾಗಾಗಿ ಕೆಲಸದ ಪ್ರತಿ ಚಿತ್ರದಲ್ಲೂ ಕಡಿಮೆ ಅಂದರೆ ಒಂದು ಹೆಸರು ಅಡಗಿ ಕುಳಿತಿರುತ್ತದೆ. ಬರೆಯುವ ಹುಡುಗನ ಚಿತ್ರದಲ್ಲಿ ಹುಡುಗ, ಪೆನ್ಸಿಲ್, ಪುಸ್ತಕ ಮೂರೂ ಇದ್ದಾರೆ.

ಇದಕ್ಕೆ ನನಗೆ ಸಿಕ್ಕಿದ ಒಳ್ಳೆಯ ದಾರಿ ಒಂದೇ. ಕೆಲಸದ ಆರೂ ಚಿತ್ರಗಳಲ್ಲಿ ಒಬ್ಬಳೇ ಹುಡುಗಿಯನ್ನು ಹಾಕುವುದು. ಅದೇ ಎರಡು ಜಡೆ, ಅದೇ ಗೀಟಿನ ಲಂಗ. ಮೊದಲ ಚಿತ್ರದಲ್ಲಿ ಓದುತ್ತಾಳೆ, ಎರಡನೆಯದರಲ್ಲಿ ಬರೆಯುತ್ತಾಳೆ, ಮೂರನೆಯದರಲ್ಲಿ ನೀರು ಕುಡಿಯುತ್ತಾಳೆ. ಆರು ಸಲವೂ 'ಹುಡುಗಿ, ಹುಡುಗಿ' ಅಂತ ಹೇಳಲು ಮಗುವಿಗೇ ಬೇಜಾರು. ಮೂರನೇ ಚಿತ್ರಕ್ಕೆ ಬರುವಾಗ ತಾನಾಗಿಯೇ ಬದಲಾಗಿದ್ದನ್ನು ಹೇಳಲು ಸುರು ಮಾಡುತ್ತದೆ. ಬೇರೆ ಬೇರೆ ಮಕ್ಕಳ ಚಿತ್ರ ಹಾಕಿದರೆ ಇದು ಆಗುವುದಿಲ್ಲ, ಯಾಕಂದರೆ ಆಗ ಆಳೂ ಬದಲು, ಕೆಲಸವೂ ಬದಲು.

ಹೆಸರಿನ ಚಿತ್ರಗಳಲ್ಲಿ ಇದರ ಉಲ್ಟಾ. ಬೆಂಚು ಅಂದರೆ ಖಾಲಿ ಬೆಂಚು. ಯಾರೂ ಕುಳಿತಿರಬಾರದು. ಟೀಚರ್ ಚಿತ್ರ ಹಾಕುವುದಾದರೆ ಸುಮ್ನೆ ಮುಂದೆ ನೋಡಿ ನಿಂತಿರಲಿ, ಕೈಯಲ್ಲಿ ಚಾಕ್ ಬೇಡ. ಚಾಕ್ ಕೊಟ್ಟ ಕೂಡಲೇ ಅವರು 'ಬರೆಯುತ್ತಾರೆ' ಆಗಿಬಿಡುತ್ತಾರೆ.

ಓದು, ಓದುವುದು, ಓದುತ್ತಾಳೆ. ಯಾವುದನ್ನು ಪ್ರಿಂಟ್ ಮಾಡುವುದು?

ಮೊದಲ ಹಾಳೆಗೆ 'ಓದುತ್ತಾಳೆ'.

'ಓದುವುದು, ಬರೆಯುವುದು, ಆಡುವುದು' ಅಂತ ಹಾಕಿದ ಹಾಳೆಗಳನ್ನು ತುಂಬಾ ನೋಡಿದ್ದೇನೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಆದರೆ 'ಓದುವುದು' ಅನ್ನುವುದು ಕೆಲಸಕ್ಕೆ ಇಟ್ಟ ಹೆಸರು. ಪುಸ್ತಕವನ್ನು, ಪುಸ್ತಕಕ್ಕೆ ಅಂದ ಹಾಗೆಯೇ ಓದುವುದನ್ನು, ಓದುವುದಕ್ಕೆ ಅಂತ ಅದಕ್ಕೂ ವಿಭಕ್ತಿ ಹತ್ತುತ್ತದೆ. ವ್ಯಾಕರಣದಲ್ಲಿ ಅದನ್ನು ನಾಮಪದಗಳ ಸಾಲಿಗೇ ಸೇರಿಸುತ್ತಾರೆ. ಕೆಲಸದ ಪದದ ಉದಾಹರಣೆ ಅಂತ ಹೆಸರಿನ ಪದವನ್ನೇ ಕೊಟ್ಟ ಹಾಗಾಯಿತು. ಮಗುವಿಗೆ ಈಗ ಗೊತ್ತಾಗುವುದಿಲ್ಲ, ಆದರೆ ದೊಡ್ಡ ಕ್ಲಾಸಿಗೆ ಹೋದಾಗ ಕಲಿತದ್ದನ್ನು ಮರೆಯಬೇಕಾಗುತ್ತದೆ.

ಇನ್ನು ಬರೀ 'ಓದು'. ಇದು ಧಾತು, ಕೆಲಸದ ಪದದ ಬೇರು. ಇದರ ತೊಂದರೆ ಬೇರೆ. ಬೆಂಚು, ಬೋರ್ಡು, ಡೆಸ್ಕು, ಬಾಗಿಲು ಇವೆಲ್ಲ ಕೊನೆಗೆ 'ಉ'. ಓದು, ಹಾಡು, ಹಂಚು, ಎತ್ತು ಇವೂ ಕೊನೆಗೆ 'ಉ'. ಇಂಗ್ಲಿಷಿನಿಂದ ಬಂದ ತರಗತಿಯ ತುಂಬಾ ಹೆಸರುಗಳು ಕನ್ನಡದ ಬಾಯಿಗೆ ಬರುವಾಗ 'ಉ' ಅಂಟಿಸಿಕೊಂಡೇ ಬರುತ್ತವೆ. ಆಗಷ್ಟೇ ಓದಲು ಕಲಿತ ಮಗುವಿಗೆ 'ಬೆಂಚು', 'ಹಂಚು' ಎರಡೂ ಒಂದೇ ಅಚ್ಚಿನಲ್ಲಿ ಕಾಣುತ್ತವೆ.

'ಓದುತ್ತಾಳೆ' ಆದರೆ ಅದರೊಳಗೆ ಮೂರು ತುಂಡು ಉಂಟು: ಓದು ಎಂಬ ಬೇರು, ಈಗ ಎಂದು ಹೇಳುವ 'ಉತ್ತ', ಅವಳು ಎಂದು ಹೇಳುವ 'ಆಳೆ'. ಪೂರ್ತಿ ಕ್ರಿಯಾಪದ ಅಂದರೆ ಇದೇ. ಚಿತ್ರದಲ್ಲಿ ಕಾಣುವುದೂ ಇದೇ: ಒಬ್ಬಳು, ಈಗ, ಓದುತ್ತಾಳೆ.

ಹಾಗೆ ಮಾಡಿದರೆ ಮಕ್ಕಳು 'ತ್ತಾಳೆ' ನೋಡಿಯೇ ವಿಂಗಡಿಸುತ್ತಾರಲ್ಲ? ಪದ ಓದುವುದೇ ಇಲ್ಲ!

ಹೌದು, ಹಾಗೇ ಮಾಡುತ್ತಾರೆ. ಮಕ್ಕಳು ಬುದ್ಧಿವಂತರು, ಯಾವುದು ಸುಲಭವೋ ಅದನ್ನು ಹಿಡಿಯುತ್ತಾರೆ. ಬಾಲ ನೋಡುವುದು ತಪ್ಪೂ ಅಲ್ಲ, ಬಾಲ ಕೆಲಸದ ಪದದ ನಿಜವಾದ ಗುರುತು. ಬಾಲ ಮಾತ್ರ ನೋಡಿ ತಲೆ ನೋಡದಿದ್ದರೆ ಕಷ್ಟ.

ಅದಕ್ಕೆ ನಾನು ಹೆಸರಿನ ಪದಗಳ ನಡುವೆ ಒಂದೆರಡು ಕಳ್ಳರನ್ನು ಸೇರಿಸುತ್ತೇನೆ. 'ಹಾಳೆ' ಅದರಲ್ಲಿ ಮೊದಲಿನದು. ಓದುತ್ತಾಳೆ, ಬರೆಯುತ್ತಾಳೆ, ಹಾಳೆ ಮೂರನ್ನೂ ಒಟ್ಟಿಗೆ ಓದಿ ನೋಡಿ, ಬಾಲ ಒಂದೇ. ನಮ್ಮ ಕಡೆ ಈ ಪದಕ್ಕೆ ಇನ್ನೂ ಒಂದು ರುಚಿ ಇದೆ. ಪುಸ್ತಕದ ಹಾಳೆಗಿಂತ ಮೊದಲು ಮಕ್ಕಳಿಗೆ ನೆನಪಾಗುವುದು ತೋಟದ ಅಡಿಕೆ ಹಾಳೆ. ಅದರ ಮೇಲೆ ಕೂರಿಸಿ ಎಳೆದ ಆಟ. ಚಿತ್ರದಲ್ಲಿ ಯಾವ ಹಾಳೆ ಹಾಕಿದರೂ ಪದ ಹೆಸರಿನದ್ದೇ. ಹಾಗೆಯೇ 'ಬಳೆ'. ಓದುತ್ತಾನೆ ಎಂಬ ರೂಪ ಬಳಸುವುದಾದರೆ ಗೋಡೆಯ ಚಾರ್ಟಿನ 'ಆನೆ' ಕಳ್ಳನ ಪಾತ್ರ ಮಾಡುತ್ತದೆ.

ಹಾಳೆಯನ್ನು ಕೆಲಸದ ಚೌಕಕ್ಕೆ ಹಾಕಿದ ಮಗು ಬಾಲ ಮಾತ್ರ ನೋಡುತ್ತಿದೆ ಅಂತ ನಿಮಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಝೆರಾಕ್ಸ್ ಮಾಡಿದರೆ ಚಿತ್ರ ಎಲ್ಲಾ ಕಪ್ಪು ಮಸಿ.

ಫೋಟೋ ಹಾಕಬೇಡಿ, ಗೆರೆ ಚಿತ್ರ ಹಾಕಿ. ಚಿತ್ರ ಬರೆಯಲು ಬಾರದಿದ್ದರೆ ನಿಮ್ಮ ಕ್ಲಾಸಿನದ್ದೇ ಫೋಟೋ ತೆಗೆದು ಒಂದು ಪ್ರಿಂಟ್ ಮಾಡಿಸಿ, ಬಿಸಿಲಿರುವ ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಮೇಲೆ ಬಿಳಿ ಕಾಗದ ಇಟ್ಟು ಹೊರಗೆರೆ ಮಾತ್ರ ಕಪ್ಪು ಪೆನ್ನಿನಲ್ಲಿ ಎಳೆಯಿರಿ. ಮುಖಕ್ಕೆ ಎರಡು ಚುಕ್ಕಿ, ಒಂದು ಗೆರೆ ಸಾಕು. ಯಾವ ಮಗು ಅಂತ ಗುರುತು ಸಿಗಬಾರದು ಕೂಡ.

ನೀವು ಮಾಡಿದ ಒಂದು ಹಾಳೆ ಪೂರ್ತಿ ಹೇಳ್ತೀರಾ? ಪದ ಯಾವುದು, ಏನಾಯಿತು ಎಲ್ಲಾ?

ಹೇಳುತ್ತೇನೆ, ಹಾಳಾದದ್ದನ್ನೂ ಸೇರಿಸಿ.

ಹೆಸರಿನ ಆರು: ಬೆಂಚು, ಕೊಡೆ, ಗಂಟೆ, ಹಾಳೆ, ಬಳೆ, ಟೀಚರ್. ಕೆಲಸದ ಆರು: ಓದುತ್ತಾಳೆ, ಬರೆಯುತ್ತಾಳೆ, ಗುಡಿಸುತ್ತಾಳೆ, ಹಾಡುತ್ತಾಳೆ, ಹಂಚುತ್ತಾಳೆ, ಕೈ ಎತ್ತುತ್ತಾಳೆ. ಎ4 ಕಾಗದದಲ್ಲಿ ಸಾಲಿಗೆ ಮೂರರಂತೆ ನಾಲ್ಕು ಸಾಲು ಚಿತ್ರ, ಪ್ರತಿ ಚಿತ್ರದ ಕೆಳಗೆ ಸಂಖ್ಯೆ ಮತ್ತು ಪದ. ಹೆಸರು, ಕೆಲಸ ಎರಡನ್ನೂ ಕಲೆಸಿ ಹಾಕಿದ್ದೆ. ಹಾಳೆಯ ಕೊನೆಗೆ ಎರಡು ಚೌಕ. ಒಂದರ ಮೇಲೆ 'ಇದು ಏನು? ಇವರು ಯಾರು?', ಇನ್ನೊಂದರ ಮೇಲೆ 'ಏನು ಮಾಡುತ್ತಾಳೆ?'

ಮೊದಲ ಎಡವಟ್ಟು 'ಹಾಡುತ್ತಾಳೆ'. ಹುಡುಗಿಯ ಬಾಯಿ ತೆರೆದು ಬರೆದಿದ್ದೆ. ಪಕ್ಕದಲ್ಲಿ ಸಂಗೀತದ ಸಂಕೇತ ಅಂತ ಎರಡು ಬಾಲದ ಚುಕ್ಕಿ ಹಾಕಿದ್ದೆ. ಒಬ್ಬ ಹುಡುಗ 'ಟೀಚರೇ, ಇವಳು ಯಾಕೆ ಕೂಗುವುದು?' ಅಂತ ಕೇಳಿದ. ಪಕ್ಕದವಳು 'ಕೂಗುವುದಲ್ಲ, ಅವಳ ಬಾಯಿಗೆ ನೊಣ ಹೋಗುವುದು' ಅಂದಳು. ಬಾಲದ ಚುಕ್ಕಿ ಅವಳಿಗೆ ನೊಣ! ಚಿತ್ರದ ಕೆಳಗೆ ಪದ ಬರೆದಿದ್ದರೂ ಓದಲಿಲ್ಲ, ಚಿತ್ರವನ್ನೇ ನಂಬಿದರು. ಮುಂದಿನ ವರ್ಷ ಅದನ್ನು ತೆಗೆದು 'ಕುಡಿಯುತ್ತಾಳೆ' ಹಾಕಿದೆ. ನೀರಿನ ಬಾಟಲಿ ಎತ್ತಿದ ಚಿತ್ರದಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಹಾಡು, ಮಾತಾಡು, ಯೋಚಿಸು, ಕೇಳು ಇಂಥವು ಚಿತ್ರಕ್ಕೆ ಒಗ್ಗುವುದಿಲ್ಲ. ಕೈಕಾಲು ಆಡುವ, ಕೈಯಲ್ಲಿ ಏನಾದರೂ ಹಿಡಿಯುವ ಕೆಲಸವೇ ಚಿತ್ರಕ್ಕೆ ಒಳ್ಳೆಯದು.

ಎರಡನೆಯದು 'ಕೈ ಎತ್ತುತ್ತಾಳೆ'. ಇಲ್ಲಿ ಎರಡು ಪದ ಉಂಟು, ಒಂದು ಹೆಸರಿನದ್ದು, ಒಂದು ಕೆಲಸದ್ದು. ಇಬ್ಬರು ಮಕ್ಕಳು ಅದೇ ಸಂಖ್ಯೆಯನ್ನು ಎರಡೂ ಚೌಕದಲ್ಲಿ ಬರೆದಿದ್ದರು. ಕೇಳಿದ್ದಕ್ಕೆ ಒಬ್ಬಳು 'ಕೈ ಈಚೆಗೆ, ಎತ್ತುತ್ತಾಳೆ ಆಚೆಗೆ' ಅಂದಳು. ನಾನು ಅವಳಿಗೆ ಸರಿ ಹಾಕಿದೆ, ನನ್ನ ಹಾಳೆಗೆ ತಪ್ಪು ಹಾಕಿಕೊಂಡೆ. ಈಗ 'ನಗುತ್ತಾಳೆ' ಅಂತ ಮಾಡಿದ್ದೇನೆ. ಒಂದು ಚಿತ್ರಕ್ಕೆ ಒಂದೇ ಪದ. 'ಊಟ ಮಾಡುತ್ತಾಳೆ', 'ಆಟ ಆಡುತ್ತಾಳೆ' ಇಂಥವಕ್ಕೂ ಇದೇ ಲೆಕ್ಕ.

'ಕೊಡೆ' ಹಾಕಿದ್ದು ಮಾತ್ರ ಬಹಳ ಚೆನ್ನಾಯಿತು. ಜೂನ್, ಜುಲೈ ಅಂದರೆ ವರಾಂಡದ ತುಂಬಾ ಕೊಡೆ. ಪಾಠದ ನಡುವೆ ಒಬ್ಬ ಪಕ್ಕದವನಿಗೆ 'ರಬ್ಬರ್ ಕೊಡು' ಅಂದ. ಕೂಡಲೇ ಬೋರ್ಡಿನಲ್ಲಿ ಕೊಡೆ, ಕೊಡು ಎರಡೂ ಬರೆದೆ. ಒಂದು ಹಿಡಿಯುವುದು, ಒಂದು ಮಾಡುವುದು. ಒಂದು ಸ್ವರಚಿಹ್ನೆಯ ವ್ಯತ್ಯಾಸ ಅಷ್ಟೇ.

## ತರಗತಿಯಲ್ಲಿ ಬರುವ ತಕರಾರುಗಳು

ಆಟ, ಊಟ, ಓಟ ಇವು ಕೆಲಸ ಅಲ್ವಾ? ಮಗಳು ಕೆಲಸದ ಪದಕ್ಕೆ ಹಾಕಿದ್ದಕ್ಕೆ ತಪ್ಪು ಕೊಟ್ಟಿದ್ದೀರಿ.

ಒಬ್ಬರು ತಾಯಿ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದ ಪ್ರಶ್ನೆ ಇದು. ಅವರ ಸಿಟ್ಟು ನ್ಯಾಯವೇ. 'ಕೆಲಸ ಹೇಳುವ ಪದ' ಅಂತ ನಾವೇ ಹೇಳಿಕೊಟ್ಟು, ಓಟ ಕೆಲಸ ಅಲ್ಲ ಅಂದರೆ ಮಗು ಏನು ಮಾಡಬೇಕು?

ಇಲ್ಲಿ ಅರ್ಥ ಕೇಳಿ ಪ್ರಯೋಜನ ಇಲ್ಲ. ಪದವನ್ನು ಆಡಿಸಿ ನೋಡಬೇಕು. ನಾನು ಎರಡು ಪರೀಕ್ಷೆ ಇಟ್ಟುಕೊಂಡಿದ್ದೇನೆ.

ಒಂದು, 'ಎಲ್ಲಿ ಉಂಟು?' ಪರೀಕ್ಷೆ. ಪದದ ಮುಂದೆ ಅದನ್ನು ಸೇರಿಸಿ ಹೇಳಿ. ಬೆಂಚು ಎಲ್ಲಿ ಉಂಟು? ಸರಿ. ಊಟ ಎಲ್ಲಿ ಉಂಟು? ಸರಿ. ಇವತ್ತು ಆಟ ಎಲ್ಲಿ ಉಂಟು? ಇದಂತೂ ನಮ್ಮೂರಿನಲ್ಲಿ ದಿನಾ ಕೇಳುವ ಮಾತು, ಯಕ್ಷಗಾನ ಎಲ್ಲಿ ಅಂತ. ಓಡುತ್ತಾಳೆ ಎಲ್ಲಿ ಉಂಟು? ಇಡೀ ಕ್ಲಾಸು ನಗುತ್ತದೆ. ನಗು ಬಂದರೆ ಅದು ಹೆಸರಿನ ಪದ ಅಲ್ಲ.

ಎರಡು, 'ನಿನ್ನೆ' ಪರೀಕ್ಷೆ. ಪದವನ್ನು ನಿನ್ನೆಗೆ ಕರೆದುಕೊಂಡು ಹೋಗಿ. ಓಡುತ್ತಾಳೆ ಎಂಬುದು ನಿನ್ನೆಗೆ ಹೋದರೆ ಓಡಿದಳು ಆಗುತ್ತದೆ. ತಿನ್ನುತ್ತಾಳೆ ನಿನ್ನೆಗೆ ಹೋದರೆ ತಿಂದಳು. ಓಟ? ನಿನ್ನೆಯೂ ಓಟವೇ. ಊಟ? ನಿನ್ನೆಯೂ ಊಟವೇ. ನಿನ್ನೆಗೆ ಹೋಗುವಾಗ ಅಂಗಿ ಬದಲಿಸಿದರೆ ಕೆಲಸದ ಪದ, ಬದಲಿಸದಿದ್ದರೆ ಹೆಸರಿನ ಪದ. ಹೀಗೆ ಹೇಳಿಕೊಟ್ಟ ಮೇಲೆ ಓಟ, ಓಡುತ್ತಾಳೆ ಜೋಡಿಯನ್ನು ಮಕ್ಕಳೇ ಬೇರೆ ಮಾಡುತ್ತಾರೆ. ಆಟ–ಆಡುತ್ತಾಳೆ, ನೋಟ–ನೋಡುತ್ತಾಳೆ ಕೂಡ ಹಾಗೆಯೇ.

ಮೊದಲ ಹಾಳೆಯಲ್ಲಿ ಮಾತ್ರ ಇವನ್ನು ಹಾಕಬೇಡಿ. ಎರಡನೇ ಹಾಳೆಗೆ ಇಟ್ಟುಕೊಳ್ಳಿ.

'ಹಂಚು' ಯಾವ ಕಡೆಗೆ ಹಾಕಬೇಕು? ಎರಡೂ ಸರಿ ಅನ್ನಿಸ್ತದೆ.

ಎರಡೂ ಸರಿಯೇ. ನನಗೆ ತುಂಬಾ ಇಷ್ಟದ ಪ್ರಶ್ನೆ ಇದು, ಯಾಕಂದರೆ ಉತ್ತರ ತಲೆಯ ಮೇಲೆಯೇ ಉಂಟು.

ನಮ್ಮದು ಹಳೆಯ ಕಟ್ಟಡ. ಮೇಲೆ ನೋಡಿದರೆ ಹಂಚು. ಟೀಚರ್ ಪುಸ್ತಕ ಹಂಚುತ್ತಾರೆ, ಅದೂ ಹಂಚು. ಆ ಹಂಚು ಹೊದಿಸಿದ್ದು ಯಾವುದಕ್ಕೆ? ಮಾಡಿಗೆ. ಕರಾವಳಿಯಲ್ಲಿ ಸೂರಿಗೆ 'ಮಾಡು' ಅನ್ನುತ್ತೇವೆ, ತುಳುವಿನಲ್ಲೂ ಮಾಡು. 'ಕೆಲಸ ಮಾಡು' ಅನ್ನುವಾಗಲೂ ಮಾಡು. ಇನ್ನು ಮಲಯಾಳ ಮಾತಾಡುವ ಮನೆಯ ಮಗುವಿಗೆ ಅದೇ ಹಂಚು 'ಓಡು'. ಒಂದು ದಿನ 'ಓಡು' ಅಂತ ಹೇಳಿದಾಗ ಎಲ್ಲರೂ ಓಡುವಂತೆ ಕೈ ಬೀಸಿದರು, ಒಬ್ಬಳು ಮಾತ್ರ ತಲೆ ಎತ್ತಿ ಸೂರಿಗೆ ಬೆರಳು ತೋರಿಸಿದಳು. ನನಗೆ ಎರಡು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ನೋಡಿದರೆ ಅವಳ ಪಾಲಿಗೆ ಅವಳು ಹೇಳಿದ್ದೇ ಸರಿ. ಹಂಚು, ಮಾಡು, ಓಡು: ಮೂರೂ ಸೂರಿನಲ್ಲಿ ಹೆಸರು, ನೆಲದಲ್ಲಿ ಕೆಲಸ.

ಹೀಗೆ ಬೇರು ರೂಪದಲ್ಲಿ ಎರಡು ಕಡೆಗೂ ಸಲ್ಲುವ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಹಾಡು, ಓದು, ಕಟ್ಟು, ಕುಡಿ, ಆಡು. ಆಡು ಅಂದರೆ ಮೇಕೆಯೂ ಹೌದು. ಒಂಟಿಯಾಗಿ ಕೊಟ್ಟು 'ವಿಂಗಡಿಸಿ' ಅಂದರೆ ಅದು ಮೋಸ. ಚಿತ್ರದ ಜೊತೆ ಕೊಡಿ, ಇಲ್ಲವೇ ವಾಕ್ಯದಲ್ಲಿ ಕೊಡಿ. ನಾನು ಈ ಪದಗಳಿಗೆ ಬೇರೆಯೇ ಒಂದು ಅರ್ಧ ಹಾಳೆ ಮಾಡಿದ್ದೇನೆ. ಒಂದೇ ಪದ, ಪಕ್ಕ ಪಕ್ಕ ಎರಡು ಚಿತ್ರ: ಒಂದರಲ್ಲಿ ಮಾಡಿನ ಹಂಚು, ಇನ್ನೊಂದರಲ್ಲಿ ಚಾಕಲೇಟು ಹಂಚುವ ಹುಡುಗಿ. ಮಗು ನಿನ್ನೆ ಪರೀಕ್ಷೆ ಮಾಡಬೇಕು. ಹುಡುಗಿಯದ್ದು 'ಹಂಚಿದಳು' ಆಗುತ್ತದೆ, ಮಾಡಿನದ್ದು ನಿನ್ನೆಯೂ ಹಂಚೇ. ವರ್ಷದ ಕೊನೆಗೆ ಕೊಡುವ ಹಾಳೆ ಇದು, ಸುರುವಿಗೆ ಕೊಟ್ಟರೆ ಕಲಿತದ್ದೂ ಕೆಡುತ್ತದೆ.

'ಕುಳಿತಿದ್ದಾಳೆ' ಅಂದರೆ ಏನೂ ಮಾಡುತ್ತಿಲ್ಲವಲ್ಲ, ಅದು ಹೇಗೆ ಕೆಲಸದ ಪದ?

ಇದನ್ನು ಕೇಳಿದ್ದು ಒಬ್ಬ ಎರಡನೇ ಕ್ಲಾಸಿನವನೇ. 'ಸುಮ್ನೆ ಕೂತರೆ ಅಮ್ಮ ಕೆಲಸ ಮಾಡು ಅಂತ ಬೈತಾರೆ' ಅನ್ನುವುದು ಅವನ ವಾದ.

ಮಲಗಿದ್ದಾಳೆ, ನಿಂತಿದ್ದಾಳೆ, ಇದೆ, ಇಲ್ಲ ಎಲ್ಲಾ ಇದೇ ಜಾತಿ. ಬೆವರು ಬರುವ ಕೆಲಸ ಅಲ್ಲ. ನಿನ್ನೆ ಪರೀಕ್ಷೆ ಹಾಕಿ: ಕುಳಿತಿದ್ದಾಳೆ, ನಿನ್ನೆ ಕುಳಿತಿದ್ದಳು. ಇದೆ, ನಿನ್ನೆ ಇತ್ತು. ಅಂಗಿ ಬದಲಾಯಿತು, ಹಾಗಾಗಿ ಆ ಕಡೆಗೆ. 'ಇಲ್ಲ' ಮಾತ್ರ ಹಠಮಾರಿ, ನಿನ್ನೆಗೆ ಹೋದರೂ ಒಂಟಿಯಾಗಿ ಬದಲಾಗುವುದಿಲ್ಲ, 'ಇರಲಿಲ್ಲ' ಅಂತ ಬೇರೆ ರೂಪವೇ ಬರಬೇಕು. ಎರಡನೇ ತರಗತಿಯ ಹಾಳೆಗೆ ಅದನ್ನು ತರಲೇಬೇಡಿ.

ಪೊರಕೆ ಅಂತ ಪುಸ್ತಕದಲ್ಲಿದೆ. ಮಗ ಹಿಡಿಸೂಡಿ ಅಂತ ಬರೆದ. ತಪ್ಪಾ?

ತಪ್ಪಲ್ಲ. ನಮ್ಮ ಊರಿನ ಕನ್ನಡದಲ್ಲಿ ಅದು ಹಿಡಿಸೂಡಿಯೇ. ಇಲ್ಲಿ ನೋಡುವುದು ಹೆಸರಿನ ಪದ ಎಂದು ಗೊತ್ತಾಯಿತೇ ಅನ್ನುವುದನ್ನು ಮಾತ್ರ. ಪೊರಕೆ ಎಂಬ ಪದವನ್ನು ಬೇರೆ ದಿನ ಕಲಿಸಿದರಾಯಿತು.

ಮನೆಯಲ್ಲಿ ಮಲಯಾಳ ಮಾತಾಡುವ ಮಕ್ಕಳು 'ಹುಡುಗಿ ಓಡುತ್ತದೆ' ಅಂತಾರೆ. ಕೆಲಸದ ಪದ ಗೊತ್ತಾಗಲಿಲ್ಲ ಅಂತ ತಿಳಿಯಬೇಕಾ?

ಇಲ್ಲ. ಅವರಿಗೆ ಕೆಲಸದ ಪದ ಚೆನ್ನಾಗಿಯೇ ಗೊತ್ತಿದೆ, ಬಾಲ ಮಾತ್ರ ಹೊಸದು. ಮಲಯಾಳದಲ್ಲಿ ಅವನ್ ಓಡುನ್ನು, ಅವಳ್ ಓಡುನ್ನು, ಅದ್ ಓಡುನ್ನು. ಯಾರು ಓಡಿದರೂ ಪದ ಒಂದೇ. ಕನ್ನಡದಲ್ಲಿ ಓಡುತ್ತಾನೆ, ಓಡುತ್ತಾಳೆ, ಓಡುತ್ತದೆ ಅಂತ ಮೂರು. ಮೂರರಲ್ಲಿ ಒಂದನ್ನು ಹಿಡಿದು ಎಲ್ಲದಕ್ಕೂ ಬಳಸುವುದು ಸಹಜ. ತುಳು ಮನೆಯ ಮಕ್ಕಳಿಗೆ ಈ ಕಷ್ಟ ಕಡಿಮೆ. ಅಲ್ಲಿ ಆಯೆ ಬಲಿಪುವೆ, ಆಳ್ ಬಲಿಪುವಳ್ ಅಂತ ಬಾಲ ಬದಲಾಗುವ ಅಭ್ಯಾಸ ಮೊದಲೇ ಇರುತ್ತದೆ. ಹವ್ಯಕ ಮನೆಯ ಮಗುವೂ 'ಹುಡುಗಿ ಬಂತು' ಅಂತ ಹೇಳಬಹುದು, ಯಾಕಂದರೆ ಮನೆಯಲ್ಲಿ 'ಅಕ್ಕ ಬಂತು' ಅನ್ನುವುದೇ ಸರಿಯಾದ ಮಾತು.

ಇನ್ನೊಂದು ನೋಡಿ. ಬೆಂಚಿನಲ್ಲಿ ಕುಳಿತ ಹುಡುಗಿಯನ್ನು ಮಲಯಾಳ ಮನೆಯ ಮಗು 'ಇರುತ್ತಾಳೆ' ಅನ್ನಬಹುದು. ಮಲಯಾಳದ 'ಇರಿಕ್ಕುನ್ನು' ಅಂದರೆ ಕುಳಿತುಕೊಳ್ಳುವುದು. ಕನ್ನಡದ 'ಇರು' ಬೇರೆ. ವಿಂಗಡಣೆಯಲ್ಲಿ ಅದಕ್ಕೂ ಅಂಕ ಕೊಡಿ, ಪದವನ್ನು ಮಾತ್ರ ಬಾಯಲ್ಲಿ ತಿದ್ದಿ.

ಕಷ್ಟಪಡುವ ಮಗುವಿಗೆ ಮೊದಲು ಅದರ ಮನೆಮಾತಿನಲ್ಲೇ ವಿಂಗಡಿಸಲು ಬಿಡಿ. ಮನೆಮಾತಿನಲ್ಲಿ ಸರಿ ಮಾಡಿ ಕನ್ನಡದಲ್ಲಿ ತಪ್ಪಿದರೆ ಪದ ಗೊತ್ತಿಲ್ಲ ಅಂತ ಲೆಕ್ಕ. ಎರಡರಲ್ಲೂ ತಪ್ಪಿದರೆ ವಿಂಗಡಣೆಯೇ ಅರ್ಥವಾಗಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ.

## ತಿದ್ದುವಾಗ ಮತ್ತು ಮುಂದಕ್ಕೆ

12ರಲ್ಲಿ 8 ಸರಿ ಮಾಡಿದರೆ ಪಾಸ್ ಅಲ್ವಾ?

ಅಲ್ಲ. ಚೌಕ ಎರಡೇ ಇರುವುದು. ಏನೂ ಓದದೆ, ನಾಣ್ಯ ಚಿಮ್ಮಿ ತುಂಬಿದರೂ ಸುಮಾರು 6 ಸರಿ ಬರುತ್ತದೆ. ಹಾಗೆ ತುಂಬಿದ ಐದು ಮಕ್ಕಳಲ್ಲಿ ಒಬ್ಬರಿಗೆ 8 ಅಥವಾ ಜಾಸ್ತಿ ಬಂದುಬಿಡಬಹುದು. 10 ಅಥವಾ ಜಾಸ್ತಿ ಬಂದರೆ ಮಾತ್ರ ನಂಬಬಹುದು, ಬರೀ ಅದೃಷ್ಟದಿಂದ ಅಲ್ಲಿಗೆ ಮುಟ್ಟುವವರು ನೂರಕ್ಕೆ ಇಬ್ಬರು.

ಅಂಕಕ್ಕಿಂತ ತಪ್ಪಿನ ಜಾತಿ ನೋಡಿ. ಹಾಳೆ, ಬಳೆ ತಪ್ಪಿದ್ದರೆ ಬಾಲ ಮಾತ್ರ ನೋಡುತ್ತಿದೆ. ಮನುಷ್ಯರಿರುವ ಚಿತ್ರವೆಲ್ಲ ಒಂದೇ ಚೌಕಕ್ಕೆ ಹೋಗಿ, ಟೀಚರ್ ಕೂಡ ಕೆಲಸದ ಕಡೆ ಕುಳಿತಿದ್ದರೆ ಪದ ಓದಿಯೇ ಇಲ್ಲ, ಚಿತ್ರ ಮಾತ್ರ ನೋಡಿದೆ. ಒಂದು ಚೌಕಕ್ಕೆ 1ರಿಂದ 6, ಇನ್ನೊಂದಕ್ಕೆ 7ರಿಂದ 12 ಬರೆದಿದ್ದರೆ ಬೇಗ ಮುಗಿಸಿ ಆಟಕ್ಕೆ ಹೋಗುವ ಅವಸರ.

ಹಾಳೆಯ ಕೊನೆಗೆ ಒಂದು ಖಾಲಿ ಗೆರೆ ಬಿಡಿ. 'ನಮ್ಮ ಕ್ಲಾಸಿನಲ್ಲಿ ನೀನು ನೋಡಿದ ಒಂದು ಹೆಸರು, ಒಂದು ಕೆಲಸ' ಅಂತ. ಅಲ್ಲಿ ನಾಣ್ಯ ಚಿಮ್ಮಲು ಆಗುವುದಿಲ್ಲ. ಒಬ್ಬ 'ಹಲ್ಲಿ, ಬೀಳುತ್ತದೆ' ಅಂತ ಬರೆದಿದ್ದ. ಹಿಂದಿನ ದಿನ ಮಾಡಿನಿಂದ ನನ್ನ ಮೇಜಿಗೆ ಬಿದ್ದದ್ದು ಅದೇ.

ಎರಡನೇ ಹಾಳೆ ಹೇಗಿರಬೇಕು?

ಚಿತ್ರ ಕಡಿಮೆ, ರೂಪ ಜಾಸ್ತಿ. ಕೆಲಸದ ಪದಗಳನ್ನು ಬೇರೆ ಬೇರೆ ಬಾಲದಲ್ಲಿ ಕೊಡಿ: ಓದಿದಳು, ಎದ್ದರು, ಬರೆಯುತ್ತೇನೆ, ಬಾ, ತಿಂದಿತು, ಕುಳಿತಿದ್ದಾನೆ. ಹೆಸರಿನ ಕಡೆ ಆಟ, ಊಟ, ಆನೆ, ಹುಡುಗಿ, ಅಂಗಳ, ಹಾಳೆ. ಈಗ ಬಾಲ ನೋಡುವ ಉಪಾಯ ಒಂದೇ ಸಾಲುವುದಿಲ್ಲ. ಮೊದಲ ಹಾಳೆಯಲ್ಲಿ 10 ಅಥವಾ ಜಾಸ್ತಿ ಬಂದವರಿಗೆ ಮಾತ್ರ ಇದನ್ನು ಕೊಡುತ್ತೇನೆ. ಉಳಿದವರಿಗೆ ಅದೇ ಮೊದಲ ಹಾಳೆ, ಚಿತ್ರದ ಕ್ರಮ ಬದಲಿಸಿ, ಒಂದು ವಾರ ಬಿಟ್ಟು.

ದೊಡ್ಡ, ಕೆಂಪು, ಬೇಗ ಇವನ್ನು ಎಲ್ಲಿಗೆ ಹಾಕುವುದು?

ಎಲ್ಲಿಗೂ ಇಲ್ಲ. ಹಾಳೆಯಲ್ಲಿ ಆ ಪದಗಳೇ ಇರಬಾರದು. ಆದರೆ ಮಗು ತಾನಾಗಿ 'ಕೆಂಪು ಬ್ಯಾಗು' ಅಂತ ಹೇಳಿ ಕೆಂಪು ಎಲ್ಲಿಗೆ ಅಂತ ಕೇಳಿದರೆ ಸುಳ್ಳು ಹೇಳಬೇಡಿ. ನಾನು ಬೋರ್ಡಿನ ಮೂಲೆಯಲ್ಲಿ ಮೂರನೇ ಚೌಕ ಎಳೆದು, ಒಳಗೆ 'ಕೆಂಪು' ಅಂತ ಬರೆದು, 'ಇದು ಮೂರನೇ ಕ್ಲಾಸಿಗೆ' ಅಂತ ಹೇಳಿ ಬಿಡುತ್ತೇನೆ. ವರ್ಷ ಮುಗಿಯುವಾಗ ಆ ಚೌಕದಲ್ಲಿ ಹತ್ತಿಪ್ಪತ್ತು ಪದ ಸೇರಿರುತ್ತದೆ. ಒಂದು ಕಾಗದಕ್ಕೆ ಬರೆದು ಮೂರನೇ ಕ್ಲಾಸಿನ ಟೀಚರ ಮೇಜಿನ ಮೇಲೆ ಇಟ್ಟು ಬರುತ್ತೇನೆ.